ಬಿಳಿ ಬೋರ್ಡಿಗೆ ಅರಿಶಿಣ

ಎರಡು ಸಾವಿರದ ಆರನೇ ಇಸವಿಯಲ್ಲಿ ಕೊಟ್ಟೂರು–ಹರಪನಹಳ್ಳಿ ರಸ್ತೆಯ ಮೇಲೆ ನನ್ನ ಟ್ರ್ಯಾಕ್ಸ್ ಗಾಡಿ ಓಡುತ್ತಿದ್ದಾಗ, ಸರ್ಕಾರಿ ಬಸ್ಸುಗಳು ನಾಚಿಕೊಂಡು ಡಿಪೋದಲ್ಲೇ ಮುಸುಕು ಹೊದ್ದು ಮಲಗುತ್ತಿದ್ದವು. ಸುಳ್ಳೆನ್ನುವವರು ಕಂಡಕ್ಟರುಗಳನ್ನೇ ಕೇಳಲಿ. ಬಸ್ಸು ದೊಡ್ಡ ರಸ್ತೆಯ ಕ್ರಾಸಿನಲ್ಲಿ ಇಳಿಸಿ ಹೋದರೆ ಒಳಗಿನ ಊರಿಗೆ ಇನ್ನೂ ಎರಡು ಹರದಾರಿ. ಬಿಸಿಲಲ್ಲಿ ನೆತ್ತಿ ಕಾದು ತತ್ತಿ ಒಡೆದು ಹಾಕಿದರೆ ಬೇಯುವಂಥ ಹೊತ್ತು. ಅಂಥ ಹೊತ್ತಿನಲ್ಲಿ ಐದು ರೂಪಾಯಿಗೆ ಮನೆ ಬಾಗಿಲಿಗೇ ಬಿಡುವವನು ಜನರ ಪಾಲಿಗೆ ಏನಾಗುತ್ತಾನೆ? ಈ ಹುಲುಗೇಶ ದೇವರೇ ಆಗಿದ್ದ. ನಮ್ಮ ಸ್ಟ್ಯಾಂಡಿನಲ್ಲಿ ನನ್ನ ಫೋಟೋಗೆ ಊದಿನಕಡ್ಡಿ ಹಚ್ಚುವುದೊಂದು ಬಾಕಿಯಿತ್ತು.

ಗಾಡಿಯ ಆರ್‌ಸಿ ಪುಸ್ತಕದಲ್ಲಿ ಡ್ರೈವರನ್ನೂ ಸೇರಿಸಿ ಹತ್ತು ಸೀಟು ಎಂದು ಬರೆದಿತ್ತು. ಬರೆದವನಿಗೆ ನಮ್ಮ ಕಡೆಯ ಮನುಷ್ಯರ ಹೊಂದಾಣಿಕೆ ಗೊತ್ತಿರಲಿಲ್ಲ. ದಿನವೂ ಇಪ್ಪತ್ತು ಜನ ಸಲೀಸು. ಸಂತೆಯ ದಿನ ಒಮ್ಮೆ ಮೂವತ್ತೊಂದು ಜನ ಕೂತಿದ್ದರು. ಮೇಕೆಗಳನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವತ್ತು ನನ್ನ ಮಗ್ಗುಲಿಗೇ ನಾಲ್ವರಿದ್ದರು. ಗೇರು ಹಾಕಬೇಕಾದರೆ ಅದು ಯಾರ ಮೊಣಕಾಲ ಸಂದಿಯಲ್ಲಿದೆ ಎಂದು ವಿಚಾರಿಸಿ ಅವರ ಕೈಯಿಂದಲೇ ಹಾಕಿಸುತ್ತಿದ್ದೆ.

ಒಂದೇ ಒಂದು ಕೊರತೆ. ಬಾಡಿಗೆಗೆ ಓಡುವ ಗಾಡಿಗೆ ಹಳದಿ ಬೋರ್ಡು ಇರಬೇಕು, ಪರ್ಮಿಟ್ಟು ಇರಬೇಕು, ಕೂತವರಿಗೆ ಇನ್ಶೂರೆನ್ಸು ಇರಬೇಕು. ನನ್ನದು ಬಿಳಿ ಬೋರ್ಡು. ಅಂದರೆ ಮನೆಮಂದಿ ಓಡಾಡುವುದಕ್ಕೆ ಮಾತ್ರ. ಅದಕ್ಕೇ ನನ್ನ ಗಾಡಿ ಹತ್ತಿದವರೆಲ್ಲ ತಕ್ಷಣ ನನ್ನ ಮನೆಮಂದಿಯಾಗುತ್ತಿದ್ದರು.

"ನೋಡ್ರಿ, ಯಾರಾರ ತಡದು ಕೇಳಿದ್ರ ನಾವೆಲ್ಲಾ ಬೀಗ್ರು. ನಿಶ್ಚಯಕ್ಕ ಹೊಂಟೀವಿ. ರೊಕ್ಕದ ಮಾತು ಎತ್ತಂಗಿಲ್ಲ," ಎಂದು ಹೊರಡುವ ಮುಂಚೆ ಒಂದು ಪಾಠ. ಇದು ನಾನೊಬ್ಬನೇ ಮಾಡಿದ್ದಲ್ಲ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಯಾವ ಸ್ಟ್ಯಾಂಡಿಗೆ ಹೋದರೂ ಇದೇ ಪಾಠ. ಈ ಸೀಮೆಯಲ್ಲಿ ಒಂದು ದಿನಕ್ಕೆ ನಡೆಯುತ್ತಿದ್ದಷ್ಟು ನಿಶ್ಚಯಗಳು ಇಡೀ ಕರ್ನಾಟಕದಲ್ಲಿ ಒಂದು ವರ್ಷಕ್ಕೆ ನಡೆದಿರಲಿಕ್ಕಿಲ್ಲ. ಉಳಿದವರು ಬರೀ ಬಾಯಲ್ಲಿ ಹೇಳುತ್ತಿದ್ದರು. ನಾನು ಕಲಾವಿದ. ಸೀಟಿನ ಕೆಳಗೆ ಒಂದು ಹಿತ್ತಾಳೆ ತಟ್ಟೆ, ಅದರಲ್ಲಿ ಕುಂಕುಮದ ಭರಣಿ, ಒಂದು ತೆಂಗಿನಕಾಯಿ. ಆ ಕಾಯಿಗೆ ಎರಡು ವರ್ಷ ತುಂಬಿ, ಒಳಗೆ ಕೊಬ್ಬರಿ ಗಿಟಕಾಗಿ ಗಿಲಕಿಯ ಹಾಗೆ ಸದ್ದು ಮಾಡುತ್ತಿತ್ತು.

ಹರಪನಹಳ್ಳಿಯ ಆಸುಪಾಸಿನಲ್ಲಿ ಒಬ್ಬ ಬ್ರೇಕ್ ಇನ್ಸ್‌ಪೆಕ್ಟರ್ ಸಾಹೇಬರು ಗಾಡಿ ತಪಾಸಣೆ ಮಾಡುತ್ತಿದ್ದರು. ಬಡಕಲು ಮೈ, ದಪ್ಪ ಕನ್ನಡಕ, ಲಂಚ ಅಂದರೆ ಚೇಳು ಕಂಡ ಹಾಗೆ ಸಿಡಿಯುವ ಮನುಷ್ಯ. ನನ್ನನ್ನು ನಾಲ್ಕು ಸಲ ತಡೆದು, ನಾಲ್ಕು ಸಲವೂ ತಟ್ಟೆ ನೋಡಿ ಬಿಟ್ಟಿದ್ದರು. ನಾಲ್ಕನೇ ಸಲ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಈ ಕಾಯಿಗೆ ಇನ್ನೂ ಮುಹೂರ್ತ ಕೂಡಿ ಬಂದಿಲ್ಲ ಅನ್ನು," ಎಂದಿದ್ದರು.

ಇಂಥ ನನಗೆ ನಿಜವಾಗಿಯೂ ಒಂದು ಹೆಣ್ಣು ಗೊತ್ತಾಯಿತು.

ನೀಲಗುಂದದ ಮೈಲಾರಲಿಂಗಪ್ಪನವರ ಮಗಳು ನಾಗರತ್ನ. ಹರಪನಹಳ್ಳಿಯ ಒಂದು ಖಾಸಗಿ ದವಾಖಾನೆಯಲ್ಲಿ ನರ್ಸು. ನೋಡಲು ಹೋದಾಗ ಚಹಾ ತಂದಿಟ್ಟು ತಲೆ ತಗ್ಗಿಸಿ ಒಳಗೆ ಹೋಗುವಳೆಂದುಕೊಂಡರೆ, ಎದುರಿಗೇ ನಿಂತಳು. ಗದ್ದದ ಮೇಲೆ ಒಂದು ಗೀರಿನ ಕಲೆ.

"ನಾ ಒಂದ ಮಾತು ಕೇಳ್ತೀನ್ರಿ. ನಿಮ್ಮ ಗಾಡಿ ಯಾವ ಬೋರ್ಡು?"

ಹುಡುಗನ ಸಂಬಳ ಕೇಳುವವರುಂಟು, ಹೊಲ ಕೇಳುವವರುಂಟು, ಬೋರ್ಡು ಕೇಳಿದವಳನ್ನು ನಾನು ಕಂಡಿದ್ದು ಅದೇ ಮೊದಲು. ಅವಳೇ ಮುಂದುವರಿಸಿದಳು: "ದಿನಾ ಶೇರಿಂಗ್ ಆಟೋದಾಗ ಡ್ಯೂಟಿಗೆ ಹೋಗಿ ಬರೋಳು ನಾನು. ಹೋದ ವರ್ಷ ಅದು ಉಳ್ಳಿ ಬಿದ್ದಾಗ ಈ ಗದ್ದ ಹರದದ್ದು. ನನ್ನ ಮಗ್ಗಲಾಗ ಕುಂತಿದ್ದ ಅಕ್ಕಗ ಸೊಂಟಾನ ಹೋತು. ಒಂದು ಪೈಸಾ ಬರಲಿಲ್ಲ. ಅಂಥಾ ಗಾಡಿ ಓಡಸೋರ ಮನಿಗಿ ನಾ ಬರಂಗಿಲ್ಲ."

ನನ್ನ ನಾಲಿಗೆ ನನ್ನ ಗಾಡಿಯ ಹಾಗೇ. ಇಳಿಜಾರು ಸಿಕ್ಕರೆ ಬ್ರೇಕು ಹಿಡಿಯುವುದಿಲ್ಲ. "ಹಳದಿ ಬೋರ್ಡುರಿ! ಪರ್ಮಿಟ್ಟು, ಬ್ಯಾಡ್ಜು, ಸೀಟಿಗೊಂದು ಇನ್ಶೂರೆನ್ಸು! ಜನ ಹತ್ತಕ್ಕಿಂತ ಒಂದು ಇರಿವಿ ಹೆಚ್ಚು ಹತ್ತಿದ್ರೂ ನಾ ಇಳಿಸಿಬಿಡ್ತೀನಿ!"

ನಿಶ್ಚಯದ ದಿನ ಗೊತ್ತಾಯಿತು. ಹನ್ನೆರಡು ಗಂಟೆಯೊಳಗೆ ಉಂಗುರ ತೊಡಿಸಬೇಕು, ಆಮೇಲೆ ಹೊತ್ತು ಸರಿಯಿಲ್ಲ ಎಂದು ಶಾಸ್ತ್ರದವರು ಹೇಳಿದ್ದರು.

ಹಳದಿ ಬೋರ್ಡಿನ ಸಮಸ್ಯೆಯನ್ನು ನಾನು ಬಗೆಹರಿಸಿದ ಬಗೆ ದೊಡ್ಡ ದೊಡ್ಡ ಎಂಜಿನಿಯರುಗಳಿಗೂ ಹೊಳೆಯಲಾರದು. ಬೆಳಗ್ಗೆ ಗಾಡಿಗೆ ಪೂಜೆ ಮಾಡುವ ನೆಪದಲ್ಲಿ, ಕಾಲು ಕಿಲೋ ಅರಿಶಿಣ ಕಲಸಿ ಹಿಂದಿನ ಮುಂದಿನ ನಂಬರ್ ಪ್ಲೇಟುಗಳಿಗೆ ಗಂಧ ಲೇಪಿಸಿದ ಹಾಗೆ ಬಳಿದೆ. ಅಂಕಿಗಳ ಮೇಲಷ್ಟೇ ಬೆರಳಿನಿಂದ ಒರೆಸಿದೆ. ದೂರದಿಂದ ನೋಡಿದರೆ ಅಪ್ಪಟ ಹಳದಿ ಬೋರ್ಡು.

ನನ್ನ ಅವ್ವ ಬೊಮ್ಮಮ್ಮ ಅದನ್ನು ನೋಡಿ, "ಏನಲೇ, ಗಾಡಿಗಿ ಮದುವಿಯೋ ನಿನಗೋ?" ಎಂದಳು.

ಹದಿನೇಳು ಜನ ನೆಂಟರು, ಹದಿನೆಂಟನೆಯವನು ನಾನು. ನನ್ನ ಸೋದರಮಾವ ಹಾಲೇಶಪ್ಪ ಸೀರೆ–ಕಾಯಿಯ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತ. ಉಂಗುರದ ಡಬ್ಬಿ ಅವ್ವನ ಸೊಂಟದಲ್ಲಿ. ಒಂಬತ್ತೂವರೆಗೆ ಬಿಟ್ಟೆವು. ಗಾಡಿ ಓಡಲಿಲ್ಲ, ಹಾರಿತು.

ಹರಪನಹಳ್ಳಿ ದಾಟಿ ನೀಲಗುಂದದ ಹಾದಿ ಹಿಡಿದೆವು. ಊರ ಹೊರಗಿನ ಬೇವಿನ ಮರದ ಹತ್ತಿರ ಒಬ್ಬ ಮುದುಕಿ, ಜೊತೆಗೆ ಇಬ್ಬರು, ಕೈ ಎತ್ತಿದರು. ಓದುವವರು ಇಲ್ಲಿ ನನ್ನನ್ನು ಬೈಯಬಾರದು. ಎಂಟು ವರ್ಷದಿಂದ ಕೈ ಎತ್ತಿದವರನ್ನು ಕಂಡರೆ ನಿಲ್ಲುತ್ತಿದ್ದ ಕಾಲು ಅದು. ತಲೆಯನ್ನು ಕೇಳಲೇ ಇಲ್ಲ. ಬ್ರೇಕು ಒತ್ತಿಯೇ ಬಿಟ್ಟಿತು. "ಹತ್ರಿ, ಹತ್ರಿ, ಒಳಗ ಸರೀರಿ, ಇನ್ನಾ ಜಗಾ ಐತಿ," ಎಂದು ಬಾಯಿಯೂ ತನ್ನಷ್ಟಕ್ಕೆ ಕೂಗಿತು.

"ಹಾಳಾದವ್ನೆ, ಇವತ್ತೊಂದಿನನಾರ ಬಿಡೋ!" ಎಂದು ಅವ್ವ ಹಿಂದಿನಿಂದ ನನ್ನ ತಲೆಗೆ ಮೊಟಕಿದಳು.

ಮುದುಕಿಯ ಹೆಸರು ಅಂಜಿನಕ್ಕ. ಬಲು ಮಾತಿನಾಕೆ. ಅರ್ಧ ಮೈಲಿ ಹೋಗುವಷ್ಟರಲ್ಲಿ ಹುಡುಗಿ ಯಾರು, ಹೆಸರೇನು, ಎಷ್ಟನೇ ಮಗಳು, ಎಲ್ಲವನ್ನೂ ಅವ್ವನ ಬಾಯಿಂದ ಬಿಡಿಸಿಕೊಂಡಳು. ಜೊತೆಗೆ ಹತ್ತಿದ ಇಬ್ಬರೂ ಬಾಯಿ ತೆರೆದುಕೊಂಡು ಕೇಳಿಸಿಕೊಂಡರು.

ತಿರುವಿನಲ್ಲಿ ಜೀಪು ನಿಂತಿತ್ತು. ಅದರ ಮುಂದೆ ಬಡಕಲು ಮೈ, ದಪ್ಪ ಕನ್ನಡಕ.

"ಬಾರಪ್ಪ ಹುಲುಗೇಶ. ಎಲ್ಲಿಗೆ?"

"ಸಾಹೇಬ್ರ, ನಿಶ್ಚಯಕ್ಕ," ಎಂದೆ. ಜನ್ಮದಲ್ಲಿ ಮೊದಲ ಸಲ ಅವರೆದುರು ನಿಜ ಹೇಳಿದ್ದೆ. ಅಭ್ಯಾಸವಿಲ್ಲದ್ದಕ್ಕೆ ದನಿ ನಡುಗಿತು. ಸುಳ್ಳು ಹೇಳುವಾಗ ನನ್ನ ದನಿ ಕಂಚಿನ ಗಂಟೆ.

"ಯಾರ್ದು?"

"ನಂದೇ ರೀ!"

"ಹೌದಾ? ಹೋದ ತಿಂಗಳು ನಿನ್ನ ತಂಗೀದು ಅಂದಿದ್ದಿ. ಅದರ ಹಿಂದೆ ಚಿಕ್ಕಪ್ಪನ ಮಗಳ್ದು. ನಿನಗೆ ತಂಗೀನೇ ಇಲ್ಲ ಅಂತ ನಾನು ಆಮೇಲೆ ವಿಚಾರಿಸಿದೆ."

ಅವರು ತಟ್ಟೆ ಕೇಳಿದರು. ಮಾವ ಎತ್ತಿ ಕೊಟ್ಟ. ಸಾಹೇಬರು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ನೀರು ಗುಳುಗುಳು ಎಂದಿತು. ಅವರ ಹುಬ್ಬು ಮೇಲಕ್ಕೆ ಹೋಯಿತು. ರೇಷ್ಮೆ ಸೀರೆ, ಹಡಗಲಿಯಿಂದ ತರಿಸಿದ ಮಲ್ಲಿಗೆ ದಂಡೆ, ಎಲ್ಲ ಹೊಸದು. ನಂಬಲೋ ಬೇಡವೋ ಎಂದು ಒಂದು ಕ್ಷಣ ನಿಂತರು. ನಾನು ಮನಸ್ಸಿನಲ್ಲೇ ಆ ಕಾಯಿಗೆ ಉದ್ದಂಡ ನಮಸ್ಕಾರ ಹಾಕಿದೆ.

"ಆಯ್ತು. ಎಲ್ರೂ ಇಳೀರಿ. ಒಬ್ಬೊಬ್ಬರನ್ನೇ ಕೇಳ್ತೀನಿ. ಹುಡುಗಿ ಹೆಸರು ಹೇಳಿದವರು ಬೀಗರು. ಹೇಳದವರು ಬಾಡಿಗೆ ಜನ."

ಮೊದಲು ಹಾಲೇಶಪ್ಪ ಮಾವ. ಖಾಕಿ ಕಂಡರೆ ಮಾವನಿಗೆ ತನ್ನ ಹೆಸರೇ ಮರೆಯುತ್ತದೆ. ಬೆವರು ಒರೆಸಿಕೊಂಡು, "ಲಕ್ಷ್ಮಿದೇವಿ ರೀ," ಎಂದ. ಅದು ನಾವು ಆರು ತಿಂಗಳ ಹಿಂದೆ ನೋಡಿ, ನನ್ನ ಮೂಗು ದಪ್ಪ ಎಂದು ಬೇಡವೆಂದ ಹುಡುಗಿಯ ಹೆಸರು.

ಎರಡನೆಯವನು ನನ್ನ ದೊಡ್ಡಪ್ಪ. "ಹೆಸ್ರು ತಗಂಡು ಏನ್ಮಾಡದ್ರಿ? ನಮ್ಮ ಹುಡುಗನ ಹೆಣ್ತಿ ಆಗಾಕಿ. ನಾವು ಊಟಕ್ಕ ಹೊಂಟೀವಿ."

ಮೂರನೆಯವನು, "ನೀಲಗುಂದದಾಕಿ," ಎಂದ. ನಾಲ್ಕನೆಯವನು ಆಕಾಶ ನೋಡಿದ. ನಮ್ಮ ಗಂಡಸರ ಬುದ್ಧಿಯನ್ನು ನಾನು ಇನ್ನು ಎಷ್ಟು ಬಣ್ಣಿಸಲಿ! ಹೆಂಗಸರು ಹೇಳುತ್ತಿದ್ದರೇನೋ, ಆದರೆ ಅವರ ಸರದಿ ಬರುವ ಮುಂಚೆಯೇ ಅಂಜಿನಕ್ಕ ಮುಂದೆ ಬಂದು ನಿಂತಳು.

"ನಾಗರತ್ನ ಅಂತ ರೀ ಹುಡುಗಿ. ಮೈಲಾರಲಿಂಗಪ್ಪನ ಎರಡ್ನೇ ಮಗಳು. ದವಾಖಾನ್ಯಾಗ ನೌಕರಿ. ಗದ್ದದ ಮ್ಯಾಲ ಗಾಯದ ಕಲೆ ಐತಿ, ಆದ್ರ ಲಕ್ಷಣ ಅದಾಳ," ಎಂದು ನೀರು ಕುಡಿದ ಹಾಗೆ ಒಪ್ಪಿಸಿದಳು. ಅವಳ ಹಿಂದಿನ ಇಬ್ಬರೂ "ನಾಗರತ್ನ, ನಾಗರತ್ನ" ಎಂದು ಶಾಲೆಯ ಮಗ್ಗಿಯ ಹಾಗೆ ಹೇಳಿದರು.

ಸಾಹೇಬರು ತಲೆದೂಗಿದರು. "ಈ ಮೂರು ಜನ ನಿಜವಾದ ನೆಂಟರು. ಅಮ್ಮ, ನೀವು ಹೋಗಬಹುದು."

"ದೇವ್ರು ಒಳ್ಳೇದು ಮಾಡ್ಲಿ," ಎಂದ ಅಂಜಿನಕ್ಕ ಸೆರಗಿನ ಗಂಟು ಬಿಚ್ಚಿ ನನ್ನ ಕಡೆ ತಿರುಗಿದಳು. "ತಗಳಪ್ಪ ಐದು ರೂಪಾಯಿ. ನಮ್ಮ ಹೊಲ ಇಲ್ಲೇ ಐತಿ, ನಡದೇ ಹೋಗ್ತೀವಿ. ಅರ್ಧ ದಾರಿಗೆ ಇಳಿಸಿದ್ರೂ ಪೂರ್ತಿ ಕೊಟ್ಟೀನಿ ನೋಡು, ನನ್ನಂಥಾಕಿ ಸಿಗಂಗಿಲ್ಲ ನಿನಗ."

ಆ ಐದು ರೂಪಾಯಿ ನೋಟು ನಮ್ಮಿಬ್ಬರ ನಡುವೆ ಬಾವುಟದ ಹಾಗೆ ಹಾರಾಡಿತು.

ಸಾಹೇಬರಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಗಾಡಿಯ ಮುಂದೆ ಹೋಗಿ ಕರವಸ್ತ್ರದಿಂದ ನಂಬರ್ ಪ್ಲೇಟು ಒರೆಸಿದರು. ಅರಿಶಿಣದ ಕೆಳಗಿಂದ ಬಿಳುಪು ಹಲ್ಲು ಕಿರಿಯಿತು. ನಗು ಅಲ್ಲಿಗೆ ನಿಂತಿತು.

"ಇಷ್ಟು ಸಲ ಬಿಟ್ಟಿದ್ದು ಸಾಕ್ಷಿ ಇಲ್ಲ ಅಂತ. ಇವತ್ತು ಸಾಕ್ಷಿ ಕೈಯಲ್ಲೇ ಐತಿ. ಹುಲುಗೇಶ, ಹತ್ತರ ಗಾಡೀಲಿ ಇಪ್ಪತ್ತೊಂದು ಜನ. ಇದು ಉರುಳಿ ಬಿದ್ದರೆ ಇವರಿಗೆ ಯಾರು ಕೊಡ್ತಾರೆ? ಬಾಡಿಗೆ ಕೊಟ್ಟೀವಿ ಅಂದ್ರೆ, ಬಿಳಿ ಬೋರ್ಡಲ್ಲಿ ಬಾಡಿಗೆ ಹೊಡೆಯಂಗಿಲ್ಲ ಅಂತ ಕಂಪನಿ ಕೈ ಎತ್ತತದೆ. ನೆಂಟರು ಅಂದ್ರೂ ಅಷ್ಟೇ. ನೀನು ಕಟ್ಟಿರೋದು ಎದುರಿಗೆ ಬಂದವನಿಗೆ ಪೆಟ್ಟಾದರೆ ಕೊಡೋ ವಿಮೆ, ಒಳಗೆ ಕೂತವರಿಗಲ್ಲ."

"ಸಾಹೇಬ್ರ, ಹನ್ನೆರಡಕ್ಕ ಉಂಗುರ ರೀ. ಸಂಜಿಕ ನಾನೇ ಗಾಡಿ ತಂದು ನಿಮ್ಮ ಮುಂದ ನಿಂದ್ರಸ್ತೀನಿ."

"ನಿನ್ನ ನಿಶ್ಚಯ ನಿಜ ಅಂತ ಈಗ ನಂಬಿದೆ. ಆದರೆ ಗಾಡಿ ಸ್ಟೇಷನ್ನಿಗೆ."

ಸಾಕ್ಷಿಗೆ ಅಂಜಿನಕ್ಕನ ಹೆಬ್ಬೆಟ್ಟು ಒತ್ತಿಸಿಕೊಂಡು, ನನ್ನ ಕೈಗೊಂದು ಚೀಟಿ ಕೊಟ್ಟು, ನನ್ನ ಐರಾವತವನ್ನು ಜೀಪಿನ ಡ್ರೈವರ್ ಕೈಯಲ್ಲಿ ಹರಪನಹಳ್ಳಿ ಕಡೆ ತಿರುಗಿಸಿಬಿಟ್ಟರು. ಗಾಡಿ ತಿರುವಿನಲ್ಲಿ ಮರೆಯಾಗುವಾಗ ಹಿಂತಿರುಗಿ ನನ್ನನ್ನು ನೋಡಿತು ಎಂದರೆ ಯಾರೂ ನಂಬುವುದಿಲ್ಲ.

ಹನ್ನೊಂದು ಕಾಲು. ಬಿಸಿಲು. ರಸ್ತೆಯ ಮೇಲೆ ಜರತಾರಿ ಸೀರೆಯ, ಇಸ್ತ್ರಿ ಅಂಗಿಯ ಹದಿನೆಂಟು ಜನ. ಮುಂದಿನ ಬಸ್ಸು ಒಂದು ಗಂಟೆಗೆ.

ಆಗ ಬಂದಿತು ನೀಲಗುಂದ ಲೈನಿನ ಶೇರಿಂಗ್ ಆಟೋ. ಓಡಿಸುವವನು ಅಂಜಿನೇಯಲು, ಹೊಸ ಮೀಸೆಯ ಹುರುಪಿನವನು. ಹಿಂದೆ ಮೂವರು ಕೂರುವ ಜಾಗದಲ್ಲಿ ಆಗಲೇ ಆರು ಮಂದಿ. ಅವನು ನಮ್ಮನ್ನು ನೋಡಿದ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ಎಂಟು ವರ್ಷ ನಾನೂ ಹಾಗೇ ನೋಡಿದ್ದೆ.

"ಹತ್ರಿ ಹತ್ರಿ, ಇನ್ನಾ ಐದು ಮಂದಿ ಆಗ್ತಾರ! ಅವ್ವಾ, ನೀ ಇಲ್ಲಿ ನನ್ನ ಮಗ್ಗಲಕ ಬಾ."

ತನ್ನ ಸೀಟಿನ ಪಕ್ಕಕ್ಕೆ ಒಂದು ಹಲಗೆ ಸೇರಿಸಿದ್ದ. ಅದರ ಮೇಲೆ ಅವ್ವ ಕೂತಳು. ಅರ್ಧ ಅವ್ವ ಒಳಗೆ, ಅರ್ಧ ಅವ್ವ ಹೊರಗೆ. ಇನ್ನು ನಾಲ್ವರು ಹೆಂಗಸರು ಹಿಂದೆ ಒಬ್ಬರ ತೊಡೆಯ ಮೇಲೊಬ್ಬರು. ಉಳಿದವರು ನಡೆದೇ ಹೊರಟರು.

"ನೀ ಹೆಂಗ ಬರ್ತೀಯೋ ಬಾ, ಉಂಗುರ ನನ್ನ ಹತ್ರ ಐತಿ!" ಎಂದು ಅವ್ವ ಕೂಗಿದಳು. ಆಟೋ ಟೇಪಿನ ಹಾಡನ್ನು ಗಟ್ಟಿಯಾಗಿ ಹಚ್ಚಿಕೊಂಡು ಹೋಯಿತು.

ನನಗೆ ಸಿಕ್ಕಿದ್ದು ಓಬಣ್ಣ. ಕ್ರಾಸುಗಳಲ್ಲಿ ಎಂ–ಏಯ್ಟಿ ಬೈಕು ಇಟ್ಟುಕೊಂಡು, ಬಸ್ಸಿಳಿದವರನ್ನು ತಲೆಗೆ ಎಂಟು ರೂಪಾಯಿಯಂತೆ ಊರಿಗೆ ಡ್ರಾಪ್ ಕೊಡುವವನು. ನಾವು ಟ್ರ್ಯಾಕ್ಸಿನವರು ಇವರನ್ನು ಸೊಳ್ಳೆಗಳೆನ್ನುತ್ತಿದ್ದೆವು. ಮುಂದೆ ಓಬಣ್ಣ, ನಡುವೆ ನಾನು, ಹಿಂದೆ ತಟ್ಟೆ ಹಿಡಿದ ಮಾವ. ಆ ಸೊಳ್ಳೆ ಮೂರು ಜನರನ್ನು ಹೊತ್ತು ನರಳಿದ ಸದ್ದು ಕೊಟ್ಟೂರಿನತನಕ ಕೇಳಿರಬೇಕು.

"ಹೆಲ್ಮೆಟ್ಟು?" ಎಂದೆ.

"ಬಿಸಲಾಗ ಯಾರ್ರಿ ಹಾಕ್ಕಂತಾರ."

"ಲೈಸೆನ್ಸು?"

"ಮಾಡಸ್ಬೇಕು." ಅವನು ಕತ್ತು ಹಿಂದಕ್ಕೆ ತಿರುಗಿಸಿ, ರಸ್ತೆಯನ್ನು ದೇವರಿಗೆ ಒಪ್ಪಿಸಿ ಹೇಳಿದ: "ಅಣ್ಣ, ಒಂದ ಮಾತು. ಯಾರಾರ ತಡದ್ರ ನೀ ನನ್ನ ಅಕ್ಕನ ಗಂಡ. ಆತಾ? ಬಿದ್ದು ಕಾಲು ಮುರಕಂಡ್ರೂ ಅಕ್ಕನ ಗಂಡನ. ಎಂಟು ರೂಪಾಯಿ ಅಂತ ಎಲ್ಲೂ ಬಾಯಿ ಬಿಡಬ್ಯಾಡ."

ನನ್ನ ಪಾಠವನ್ನು ನನಗೇ ಓದುತ್ತಿದ್ದ! ನೂರು ಸಲ ಹೇಳಿದ್ದೆ. ಕೇಳಿಸಿಕೊಂಡಿದ್ದು ಇದೇ ಮೊದಲು. ಕೇಳುವ ಸೀಟಿನಿಂದ ಆ ಮಾತು ಅಷ್ಟು ತಮಾಷೆಯಾಗಿರಲಿಲ್ಲ.

ಒಂದು ದಿಬ್ಬ ಹತ್ತಿದಾಗ ಮುಂದೆ ಆಟೋ ಕಾಣಿಸಿತು. ಅವ್ವನ ಬೆನ್ನು ಹೊರಗೆ ಬಾಗಿತ್ತು. ಒಂದು ಕೈ ಕಂಬಿ ಹಿಡಿದಿತ್ತು, ಇನ್ನೊಂದು ಸೊಂಟದ ಡಬ್ಬಿಯನ್ನು. ಸೆರಗು ಜಾರಿ ಹೊರಗೆ ಬಿದ್ದು ಹಾರುತ್ತಿತ್ತು. ಹಾರಿ ಹಾರಿ ಹಿಂದಿನ ಗಾಲಿಯ ಹತ್ತಿರ ಹೋಗುತ್ತಿತ್ತು, ಮತ್ತೆ ಮೇಲೇಳುತ್ತಿತ್ತು. ಅವ್ವನಿಗೆ ಗೊತ್ತಿರಲಿಲ್ಲ.

ಇಲ್ಲಿ ನಾನು ಏನನ್ನೂ ಹಿಗ್ಗಿಸಿ ಹೇಳುವುದಿಲ್ಲ. ಗಾಲಿಗೆ ಸೆರಗು ಸುತ್ತಿಕೊಂಡರೆ ಏನಾಗುತ್ತದೆ ಎನ್ನುವುದು ಗಾಡಿ ಓಡಿಸುವ ಎಲ್ಲರಿಗೂ ಗೊತ್ತು. ಹಗರಿಬೊಮ್ಮನಹಳ್ಳಿ ರಸ್ತೆಯಲ್ಲಿ ಒಮ್ಮೆ ನೋಡಿದ್ದೆ. ಅವತ್ತು ಎರಡು ದಿನ ಊಟ ಸೇರಿರಲಿಲ್ಲ. ಮೂರನೇ ದಿನ ಮತ್ತೆ ಇಪ್ಪತ್ತು ಜನರನ್ನು ತುಂಬಿದ್ದೆ.

"ಓಬಣ್ಣಾ, ಹೊಡಿ! ಸೆರಗು! ನಮ್ಮವ್ವನ ಸೆರಗು!"

ಕೂಗಿದೆ, ಕೂಗಿದೆ. ಆಟೋದ ಹಾಡಿನೆದುರು ನನ್ನ ಕೂಗು ಎಲ್ಲಿ ಕೇಳಬೇಕು? ಎಂ–ಏಯ್ಟಿ ಮೂರು ಜನರ ಭಾರಕ್ಕೆ ಏದುಸಿರು ಬಿಡುತ್ತಿತ್ತು. ಸೆರಗಿನ ತುದಿ ಒಮ್ಮೆ ಗಾಲಿಗೆ ಮುಟ್ಟಿ ಕಪ್ಪಾಯಿತು, ಬಿಟ್ಟಿತು.

"ಮಾವಾ, ಇಳಿ!"

"ಎಲ್ಲಿ ಇಳೀಲೋ, ಗಾಡಿ ಓಡಾಕ ಹತ್ತೇತಿ!"

ಓಬಣ್ಣ ಒಂದು ಕ್ಷಣ ನಿಲ್ಲಿಸಿದ. ಮಾವ ತಟ್ಟೆಸಮೇತ ಇಳಿದ. ಭಾರ ಕಡಿಮೆಯಾದ ಸೊಳ್ಳೆ ಚಿಮ್ಮಿತು. ನೀಲಗುಂದದ ಹತ್ತಿರ ರಸ್ತೆಯುಬ್ಬಿನಲ್ಲಿ ಅಂಜಿನೇಯಲು ನಿಧಾನ ಮಾಡಿದ. ನಾವು ಪಕ್ಕಕ್ಕೆ ಬಂದೆವು. ನಾನು ಬೈಕು ನಿಲ್ಲುವ ಮುಂಚೆಯೇ ಹಾರಿ, ಮಂಡಿಯೂರಿ ಜಲ್ಲಿಯ ಮೇಲೆ ಬಿದ್ದು, ಬಿದ್ದಲ್ಲಿಂದಲೇ ಆಟೋದ ಕಂಬಿ ಹಿಡಿದೆ. ಅಂಜಿನೇಯಲು ಗಾಬರಿಯಾಗಿ ನಿಲ್ಲಿಸಿದ. ಸೆರಗು ಗಾಲಿಗೆ ಒಂದು ಸುತ್ತು ಬಿದ್ದಿತ್ತು. ಎರಡನೇ ಸುತ್ತಿಗೆ ಅವ್ವ ಹಲಗೆಯ ಮೇಲೆ ಇರುತ್ತಿರಲಿಲ್ಲ.

ಹಾಡು ನಿಂತಿತು. ಅವ್ವ ಕಪ್ಪಾದ ಸೆರಗನ್ನು ಕೈಯಲ್ಲಿ ಹಿಡಿದು ನೋಡಿ, "ಹೊಸಾ ಸೀರಿ, ಗ್ರೀಸು ಹೋಗ್ತೈತೇನೋ ಇದು?" ಎಂದಳು.

ಉಳಿದ ದಾರಿಯನ್ನು ನಾವಿಬ್ಬರೂ ನಡೆದೆವು.

ಮೈಲಾರಲಿಂಗಪ್ಪನವರ ಅಂಗಳ ತಲುಪಿದಾಗ ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ನನ್ನ ಪ್ಯಾಂಟಿನ ಎರಡೂ ಮಂಡಿ ಬಾಯಿ ಬಿಟ್ಟಿದ್ದವು, ರಕ್ತ ಪಾದದವರೆಗೆ ಇಳಿದಿತ್ತು. ಹಾಲೇಶಪ್ಪ ಮಾವ ಅರ್ಧ ದಾರಿಯಲ್ಲಿದ್ದ.

"ಗಾಡಿ ಎಲ್ಲೈತಪ?" ಎಂದು ಮೈಲಾರಲಿಂಗಪ್ಪ ಕೇಳಿದರು.

ನನ್ನ ನಾಲಿಗೆಯ ಮೇಲೆ ಒಂದಲ್ಲ, ಹನ್ನೊಂದು ಉತ್ತರಗಳು ಸಾಲುಗಟ್ಟಿ ನಿಂತಿದ್ದವು. ಎಲ್ಲವೂ ಒಂದಕ್ಕಿಂತ ಒಂದು ಚೆಂದ. ಅಷ್ಟರಲ್ಲಿ ನಾಗರತ್ನ ಒಳಗಿನಿಂದ ಹತ್ತಿ, ಔಷಧದ ಶೀಸೆ ತಂದು ನನ್ನನ್ನು ಕಟ್ಟೆಯ ಮೇಲೆ ಕೂರಿಸಿದಳು. ರೇಷ್ಮೆ ಸೀರೆಯಲ್ಲೇ ಕೆಳಗೆ ಕೂತು ಮಂಡಿಗೆ ಔಷಧ ಒತ್ತಿದಳು. ನನ್ನ ಕಣ್ಣಿಗೆ ಹಗಲಲ್ಲೇ ಚಿಕ್ಕೆಗಳು ಕಂಡವು.

"ಹೆಂಗ ಬಿದ್ರಿ?"

"ಬೈಕಿನ ಮ್ಯಾಲಿಂದ. ಡ್ರಾಪ್ ತಗಂಡು ಬಂದೆ."

"ನಿಮ್ಮ ಗಾಡಿ?"

"ಹಿಡದ್ರು. ಸ್ಟೇಷನ್ನಿನಾಗ ಐತಿ."

ಹತ್ತಿ ನಿಂತಿತು. "ಪರ್ಮಿಟ್ಟಿನ ಗಾಡಿ ಯಾಕ ಹಿಡದ್ರು?"

"ಪರ್ಮಿಟ್ಟಿಲ್ಲ. ಬಿಳಿ ಬೋರ್ಡು. ಅರಿಶಿಣ ಬಳದಿದ್ದೆ. ಹತ್ತು ಸೀಟಿನಾಗ ಇಪ್ಪತ್ತೊಂದು ಮಂದಿ ಇದ್ವಿ."

ಅವ್ವ ಕಣ್ಣು ಮುಚ್ಚಿಕೊಂಡಳು. ಮೈಲಾರಲಿಂಗಪ್ಪನವರ ಮುಖ ಕೆಂಪಾಯಿತು. ನಾಗರತ್ನ ಮಾತ್ರ ಇನ್ನೊಂದು ಮಂಡಿಗೆ ಔಷಧ ಹಚ್ಚಿದಳು. ಈ ಸಲ ಸ್ವಲ್ಪ ಗಟ್ಟಿಯಾಗಿಯೇ ಒತ್ತಿದಳು.

"ಮತ್ತ ಅವತ್ತು?"

"ಅವತ್ತು ಸುಳ್ಳು ಹೇಳಿದ್ದೆ. ಇವತ್ತು ನಮ್ಮವ್ವನ ಸೆರಗು ಅಂಜಿನೇಯಲೂನ ಆಟೋದ ಗಾಲಿಗಿ ಸಿಕ್ಕಿತ್ತು."

ಅವಳು ತಲೆಯೆತ್ತಿ ಅವ್ವನ ಸೆರಗಿನ ಕಪ್ಪು ಕಲೆ ನೋಡಿದಳು. ಎದ್ದು ಹೋಗಿ ಅವ್ವನ ತೋಳು, ಭುಜ, ಕುತ್ತಿಗೆ ಮುಟ್ಟಿ ನೋಡಿದಳು, ಎಲ್ಲೂ ಪೆಟ್ಟಾಗಿಲ್ಲವೆಂದು ಖಾತ್ರಿ ಮಾಡಿಕೊಂಡಳು. ಆಮೇಲೆ ಕೈ ಚಾಚಿದಳು.

"ಉಂಗುರ ಕೊಡ್ರಿ ಅತ್ತಿ."

ಅತ್ತಿ! ಅವ್ವ ಗಡಬಡಿಸಿ ಡಬ್ಬಿ ತೆಗೆದು ಕೊಟ್ಟಳು. ನಾಗರತ್ನ ಅದನ್ನು ತೆರೆದು ನೋಡಿ, ಮುಚ್ಚಿ, ತನ್ನಪ್ಪನ ಕೈಗೆ ಕೊಟ್ಟಳು.

"ಅಪ್ಪಾಜಿ, ಇದು ನಮ್ಮ ಪೆಟ್ಟಿಗ್ಯಾಗ ಇರ್ಲಿ. ಇವ್ರನ್ನ ಊಟ ಹಾಕಿ ಕಳಸ್ರಿ. ಹಳದಿ ಬೋರ್ಡು ತಂದ ಮ್ಯಾಲ ತೊಡಸ್ಲಿ."

"ಉಂಗುರ ಇಟ್ಕಂಡು ಹುಡುಗನ್ನ ವಾಪಸ್ ಕಳಸೋದೇನವಾ? ಇಂಥಾ ಶಾಸ್ತ್ರ ಎಲ್ಲೈತಿ?" ಎಂದರು ಅವರು.

"ಇವತ್ತಿಂದ ಐತಿ."

ಮೈಲಾರಲಿಂಗಪ್ಪ ಮಗಳನ್ನು ನೋಡಿದರು, ನನ್ನ ಮಂಡಿ ನೋಡಿದರು, ಡಬ್ಬಿಯನ್ನು ಜೇಬಿಗಿಳಿಸಿ, "ಎಲಿ ಹಾಕ್ರಿ," ಎಂದು ಒಳಗೆ ಕೂಗಿದರು. ಒಬ್ಬೊಬ್ಬರಾಗಿ ಬಂದು ಸೇರಿದ ನಮ್ಮ ನೆಂಟರು, ನಿಶ್ಚಯವಾಯಿತೋ ಮುರಿಯಿತೋ ಎಂದು ಕೂಡ ಕೇಳದೆ ಹೋಳಿಗೆಗೆ ಕೂತರು. ಸಾಹೇಬರ ಎದುರು ಆಕಾಶ ನೋಡಿದವನೊಬ್ಬನೇ ಹನ್ನೆರಡು ಹೋಳಿಗೆ ತಿಂದ.

ಕೈ ತೊಳೆಯುವಾಗ ನಾಗರತ್ನ ಚೊಂಬು ಹಿಡಿದು ಬಂದಳು. ನಾನು ಮೆಲ್ಲಗೆ ಕೇಳಿದೆ: "ಪರ್ಮಿಟ್ಟು, ಎಫ್‌ಸಿ, ಟ್ಯಾಕ್ಸು, ಬ್ಯಾಡ್ಜು, ಕುಂತೋರ ಇನ್ಶೂರೆನ್ಸು, ಸೀಟಿನಷ್ಟೇ ಮಂದಿ. ಭಾಳ ದಿನ ಹಿಡೀತೈತಿ. ಎಷ್ಟು ದಿನ ಕಾಯ್ತೀರಿ?"

"ಎಷ್ಟಾದ್ರೂ ಕಾಯ್ತೀನಿ," ಎಂದಳು, ನೀರು ಹಾಕುತ್ತ. "ಆದ್ರ ನಾಳಿ ಮುಂಜಾನಿ ಎಂಟಕ್ಕ ನನಗ ಡ್ಯೂಟಿ. ಈ ಊರಿಂದ ಆ ಹೊತ್ತಿಗೆ ಹೋಗೋದು ಅಂಜಿನೇಯಲೂನ ಆಟೋ ಒಂದ. ನಾ ಕೊನಿಗಿ ಹತ್ತಾಕಿ. ನಿಮ್ಮವ್ವ ಕುಂತಿದ್ದ ಹಲಗಿ ಮ್ಯಾಲ ದಿನಾ ಕುಂದ್ರಾಕಿ ನಾನ."

ಚೊಂಬು ಖಾಲಿಯಾಯಿತು. ಅವಳು ಒಳಗೆ ಹೋದಳು.

ಮರುದಿನ ಬೆಳಗ್ಗೆ ನಾನು ಆರ್‌ಟಿಒ ಕಚೇರಿಯ ಮುಂದೆ ನಿಂತಾಗ ಸೂರ್ಯ ಇನ್ನೂ ಮುಖ ತೊಳೆದಿರಲಿಲ್ಲ. ಅಂಗಳ ಗುಡಿಸಲು ಬಂದ ಜವಾನ ನನ್ನ ಕಟ್ಟಿದ ಮಂಡಿಗಳನ್ನೂ ಕೈಯಲ್ಲಿದ್ದ ಕಾಗದಗಳನ್ನೂ ನೋಡಿ, "ಏನ್ರಿ ಇಷ್ಟು ಅವಸರ? ಕಚೇರಿ ಹತ್ತೂವರಿಗಿ," ಎಂದ.

ನಾಗರತ್ನಳ ಡ್ಯೂಟಿಯ ಎಂಟು ಗಂಟೆಗೆ ಇನ್ನೂ ಒಂದು ತಾಸು ಇತ್ತು. ನಾನು ಮೆಟ್ಟಿಲ ಮೇಲೆ ಕೂತೆ.